ಅಭಿಸರಣ ಒತ್ತಡದಿಂದ ಪ್ರೋಟೀನಿನ ಮೋಲಾರ್ ರಾಶಿಯ ನಿರ್ಣಯ

ಅಭಿಸರಣ ಒತ್ತಡದಿಂದ ಪ್ರೋಟೀನಿನ ಮೋಲಾರ್ ರಾಶಿಯ ನಿರ್ಣಯ ಎಂಬುದು, ಪ್ರೋಟೀನಿನ ತೆಳುವಾದ ದ್ರಾವಣವೊಂದನ್ನು ಅರೆಪಾರಕ ಪೊರೆಯಿಂದ ಶುದ್ಧ ದ್ರಾವಕದಿಂದ ಬೇರ್ಪಡಿಸಿ, ಅವೆರಡರ ನಡುವೆ ಉಂಟಾಗುವ ಒತ್ತಡವನ್ನು ಅಳೆದು, ಆ ಒತ್ತಡದ ಮೂಲಕ ಪ್ರೋಟೀನಿನ ಒಂದು ಮೋಲ್‌ನ ತೂಕವನ್ನು ಕಂಡುಹಿಡಿಯುವ ವಿಧಾನ. ಅಭಿಸರಣೆಯನ್ನು ಕೆಲವು ಪುಸ್ತಕಗಳಲ್ಲಿ ಪರಾಸರಣ ಅಥವಾ ಆಸ್ಮಾಸಿಸ್ ಎಂದೂ ಕರೆಯಲಾಗಿದೆ. ಕರ್ನಾಟಕದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ದ್ರಾವಣಗಳ ಅಧ್ಯಾಯದಲ್ಲಿ ಈ ವಿಧಾನದ ಲೆಕ್ಕ ಬರುತ್ತದೆ. ಹಿಮೋಗ್ಲೋಬಿನ್ನಿನ ಅಣುವಿನಲ್ಲಿ ಕಬ್ಬಿಣದ ಒಂದು ಪರಮಾಣು ಇದೆಯೋ ನಾಲ್ಕು ಇವೆಯೋ ಎಂಬ ಪ್ರಶ್ನೆಗೆ 1925ರಲ್ಲಿ ಉತ್ತರ ದೊರೆತದ್ದು ಈ ವಿಧಾನದಿಂದಲೇ.

## ತತ್ತ್ವ

ನೀರನ್ನು ಮಾತ್ರ ಹಾದುಹೋಗಲು ಬಿಟ್ಟು, ಅದರಲ್ಲಿ ಕರಗಿರುವ ವಸ್ತುವನ್ನು ತಡೆಯುವ ಪೊರೆಯ ಒಂದು ಬದಿಯಲ್ಲಿ ದ್ರಾವಣವನ್ನೂ ಇನ್ನೊಂದು ಬದಿಯಲ್ಲಿ ಶುದ್ಧ ನೀರನ್ನೂ ಇಟ್ಟರೆ, ನೀರು ದ್ರಾವಣದ ಕಡೆಗೆ ಹರಿಯುತ್ತದೆ. ದ್ರಾವಣಕ್ಕೆ ಒಂದು ನಳಿಕೆಯನ್ನು ಜೋಡಿಸಿದ್ದರೆ ಅದರಲ್ಲಿ ದ್ರವ ಮೇಲೇರುತ್ತದೆ. ಏರಿದ ದ್ರವದ ಭಾರವು ಒಳಬರುವ ನೀರನ್ನು ಸರಿಯಾಗಿ ತಡೆಯುವಷ್ಟಾದಾಗ ಏರಿಕೆ ನಿಲ್ಲುತ್ತದೆ. ಆ ಎತ್ತರದ ದ್ರವಸ್ತಂಭವು ಪೊರೆಯ ಮೇಲೆ ಹೇರುವ ಒತ್ತಡವೇ ದ್ರಾವಣದ ಅಭಿಸರಣ ಒತ್ತಡ. ಇದನ್ನು π ಎಂಬ ಗ್ರೀಕ್ ಅಕ್ಷರದಿಂದ ಸೂಚಿಸುವುದು ರೂಢಿ.

ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಫೆಫರ್ 1877ರಲ್ಲಿ ಪ್ರಕಟಿಸಿದ ಸಕ್ಕರೆ ದ್ರಾವಣಗಳ ಅಳತೆಗಳನ್ನು ಆಧರಿಸಿ, ಡಚ್ ರಸಾಯನಶಾಸ್ತ್ರಜ್ಞ ಜೇಕಬಸ್ ವಾಂಟ್ ಹಾಫ್ 1880ರ ದಶಕದಲ್ಲಿ ಒಂದು ಸರಳ ನಿಯಮವನ್ನು ನಿರೂಪಿಸಿದರು. ತೆಳು ದ್ರಾವಣದ ಅಭಿಸರಣ ಒತ್ತಡವು ಅದರಲ್ಲಿರುವ ಅಣುಗಳ ಸಂಖ್ಯೆಯನ್ನು ಮಾತ್ರ ಅವಲಂಬಿಸುತ್ತದೆ. ಅಣುಗಳ ಗಾತ್ರವನ್ನಾಗಲಿ ಸ್ವರೂಪವನ್ನಾಗಲಿ ಅವಲಂಬಿಸುವುದಿಲ್ಲ. ಒಂದು ಲೀಟರಿನಲ್ಲಿ c ಗ್ರಾಂ ವಸ್ತು ಕರಗಿದ್ದು, ಅದರ ಮೋಲಾರ್ ರಾಶಿ M ಆಗಿದ್ದರೆ ನಿಯಮವು ಹೀಗಿರುತ್ತದೆ:

π = cRT / M

ಇಲ್ಲಿ R ಎಂಬುದು ಅನಿಲ ಸ್ಥಿರಾಂಕ, T ಎಂಬುದು ಕೆಲ್ವಿನ್ ಮಾನದಲ್ಲಿ ಉಷ್ಣತೆ. π, c ಮತ್ತು T ಗಳನ್ನು ಅಳೆಯಬಹುದಾದ್ದರಿಂದ M ತಿಳಿಯುತ್ತದೆ.

ಈ ವಿಧಾನವು ಮೂಲತಃ ಒಂದು ಎಣಿಕೆ. ಒಂದು ಚೀಲ ಕಡಲೆಕಾಯಿಯ ಒಟ್ಟು ತೂಕವನ್ನು ಕಾಯಿಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಕಾಯಿಯ ಸರಾಸರಿ ತೂಕ ಸಿಗುತ್ತದೆ. ಇಲ್ಲಿ ತಕ್ಕಡಿಯು ಒಟ್ಟು ತೂಕವನ್ನು ಕೊಡುತ್ತದೆ, ಅಭಿಸರಣ ಒತ್ತಡವು ಸಂಖ್ಯೆಯನ್ನು ಕೊಡುತ್ತದೆ. ವಿಧಾನದ ಬಲ ಮತ್ತು ದೌರ್ಬಲ್ಯಗಳೆರಡೂ ಈ ಎಣಿಕೆಯಿಂದಲೇ ಹುಟ್ಟುತ್ತವೆ.

## ಪ್ರೋಟೀನುಗಳಿಗೆ ಈ ವಿಧಾನವೇ ಏಕೆ

ಕರಗಿದ ಅಣುಗಳ ಸಂಖ್ಯೆಯನ್ನು ಅವಲಂಬಿಸುವ ಇತರ ಗುಣಗಳೂ ಇವೆ. ದ್ರಾವಣದ ಘನೀಕರಣ ಬಿಂದು ಶುದ್ಧ ನೀರಿಗಿಂತ ಕೆಳಗಿಳಿಯುತ್ತದೆ, ಕುದಿಬಿಂದು ಮೇಲೇರುತ್ತದೆ. ಯೂರಿಯಾ, ಸಕ್ಕರೆ ಮೊದಲಾದ ಚಿಕ್ಕ ಅಣುಗಳ ಮೋಲಾರ್ ರಾಶಿಯನ್ನು ಈ ಗುಣಗಳಿಂದ ಕಂಡುಹಿಡಿಯಬಹುದು. ಪ್ರೋಟೀನಿನಲ್ಲಿ ಇವು ಉಪಯೋಗಕ್ಕೆ ಬಾರದಿರುವುದಕ್ಕೆ ಕಾರಣ ಅದರ ಅಣುಗಳ ದೊಡ್ಡ ಗಾತ್ರ. ಅಣು ದೊಡ್ಡದಾದಷ್ಟೂ ಅದೇ ತೂಕದಲ್ಲಿರುವ ಅಣುಗಳ ಸಂಖ್ಯೆ ಕಡಿಮೆಯಾಗುತ್ತದೆ.

ಸುಮಾರು 64,500 ಮೋಲಾರ್ ರಾಶಿಯ ಹಿಮೋಗ್ಲೋಬಿನ್ನನ್ನು ಲೀಟರಿಗೆ 10 ಗ್ರಾಂನಂತೆ ಕರಗಿಸಿದರೆ ಘನೀಕರಣ ಬಿಂದು ಇಳಿಯುವುದು ಒಂದು ಡಿಗ್ರಿಯ ಹತ್ತುಸಾವಿರ ಭಾಗಗಳಲ್ಲಿ ಸುಮಾರು ಮೂರು ಭಾಗದಷ್ಟು ಮಾತ್ರ. ಕುದಿಬಿಂದುವಿನ ಏರಿಕೆ ಇದಕ್ಕಿಂತಲೂ ಕಡಿಮೆ. ಅಲ್ಲದೆ ಕುದಿಸಿದರೆ ಪ್ರೋಟೀನು ಹೆಪ್ಪುಗಟ್ಟಿ ಕೆಡುತ್ತದೆ. ಆದರೆ ಅದೇ ದ್ರಾವಣದ ಅಭಿಸರಣ ಒತ್ತಡವು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 36 ಮಿಲಿಮೀಟರ್ ಎತ್ತರದ ನೀರಿನ ಸ್ತಂಭಕ್ಕೆ ಸಮ. ಇದನ್ನು ಬರಿಗಣ್ಣಿನಿಂದಲೇ ನೋಡಿ ಅಳೆಯಬಹುದು.

ಎರಡನೆಯ ಅನುಕೂಲ ಇನ್ನೂ ಮುಖ್ಯವಾದುದು. ಪ್ರೋಟೀನಿನ ದ್ರಾವಣದಲ್ಲಿ ಸ್ವಲ್ಪವಾದರೂ ಲವಣ ಇದ್ದೇ ಇರುತ್ತದೆ. ಮೇಲಿನ ದ್ರಾವಣದಲ್ಲಿ ಲೀಟರಿಗೆ ಒಂದು ಗ್ರಾಂನ ಹತ್ತನೇ ಒಂದು ಭಾಗದಷ್ಟು ಅಡುಗೆ ಉಪ್ಪು ಉಳಿದಿದ್ದರೂ, ಘನೀಕರಣ ಬಿಂದುವಿನ ಮೇಲೆ ಅದರ ಪರಿಣಾಮ ಪ್ರೋಟೀನಿನ ಪರಿಣಾಮಕ್ಕಿಂತ 20 ಪಟ್ಟಿಗೂ ಹೆಚ್ಚಾಗಿರುತ್ತದೆ. ಪೊರೆಯ ವಿಧಾನದಲ್ಲಿ ಉಪ್ಪಿನ ಅಯಾನುಗಳು ರಂಧ್ರಗಳ ಮೂಲಕ ಎರಡೂ ಕಡೆಗೆ ಹರಡಿಕೊಳ್ಳುವುದರಿಂದ ಅವುಗಳ ಒತ್ತಡವು ಬಹುಮಟ್ಟಿಗೆ ಸರಿತೂಗಿ ಹೋಗುತ್ತದೆ. ಪೊರೆಯನ್ನು ದಾಟಲಾರದ ಪ್ರೋಟೀನು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಆದ್ದರಿಂದ ಇಲ್ಲಿ ಬಳಸುವ ಪೊರೆಯು ನೀರನ್ನಷ್ಟೇ ಅಲ್ಲದೆ ಲವಣವನ್ನೂ ಬಿಡುವಂತಹುದು.

## ಹಿಮೋಗ್ಲೋಬಿನ್ನಿನ ಪ್ರಶ್ನೆ

ಹಿಮೋಗ್ಲೋಬಿನ್ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕೆಂಪು ಪ್ರೋಟೀನು. ಅದರಲ್ಲಿ ಕಬ್ಬಿಣವಿದೆ. 1886ರಲ್ಲಿ ಝಿನಾಫ್‌ಸ್ಕಿ ಕುದುರೆಯ ಹಿಮೋಗ್ಲೋಬಿನ್ನನ್ನು ವಿಶ್ಲೇಷಿಸಿ, ಅದರ ತೂಕದಲ್ಲಿ ಶೇಕಡಾ 0.335ರಷ್ಟು ಕಬ್ಬಿಣ ಇದೆಯೆಂದು ತೋರಿಸಿದರು. ಕಬ್ಬಿಣದ ಪರಮಾಣು ತೂಕ 55.85. ಅಣುವಿನಲ್ಲಿ ಕಬ್ಬಿಣದ ಒಂದೇ ಪರಮಾಣು ಇದ್ದರೆ ಅದರ ಮೋಲಾರ್ ರಾಶಿ 55.85 ÷ 0.00335, ಅಂದರೆ ಸುಮಾರು 16,700 ಆಗಬೇಕು.

ಇದು ಕನಿಷ್ಠ ಬೆಲೆ ಮಾತ್ರ. ಅಣುವಿನಲ್ಲಿ ಎರಡು ಕಬ್ಬಿಣಗಳಿದ್ದರೆ ಮೋಲಾರ್ ರಾಶಿ 33,400 ಆಗುತ್ತದೆ. ನಾಲ್ಕಿದ್ದರೆ 66,800 ಆಗುತ್ತದೆ. ರಾಸಾಯನಿಕ ವಿಶ್ಲೇಷಣೆಯು ಅನುಪಾತವನ್ನು ಮಾತ್ರ ಹೇಳುವುದರಿಂದ ಈ ಮೂರರಲ್ಲಿ ಯಾವುದು ಸರಿಯೆಂದು ಅದು ತೀರ್ಮಾನಿಸಲಾರದು. ಅದಕ್ಕೆ ಅಣುಗಳನ್ನು ಎಣಿಸುವ ವಿಧಾನವೊಂದು ಬೇಕಾಗಿತ್ತು.

1907ರಲ್ಲಿ ಹ್ಯೂಫ್ನರ್ ಮತ್ತು ಗಾನ್ಸರ್ ಅಭಿಸರಣ ಒತ್ತಡವನ್ನು ಅಳೆದು, ಕುದುರೆ ಮತ್ತು ಎತ್ತಿನ ಹಿಮೋಗ್ಲೋಬಿನ್ನುಗಳಿಗೆ 15,000–16,000 ಆಸುಪಾಸಿನ ಬೆಲೆಗಳನ್ನು ಪಡೆದರು. ಇವು ಕಬ್ಬಿಣದ ಕನಿಷ್ಠ ಬೆಲೆಗೆ ಹತ್ತಿರವಿದ್ದುದರಿಂದ ಅಣುವಿಗೆ ಒಂದೇ ಕಬ್ಬಿಣ ಎಂಬ ಭಾವನೆಗೆ ಆಧಾರ ಸಿಕ್ಕಿತು. ಎರಡು ಸ್ವತಂತ್ರ ವಿಧಾನಗಳು ಒಂದೇ ಸಂಖ್ಯೆಯನ್ನು ಹೇಳಿದಂತೆ ತೋರಿತು.

ಕೇಂಬ್ರಿಜ್‌ನಲ್ಲಿದ್ದ ಗಿಲ್ಬರ್ಟ್ ಸ್ಮಿತ್‌ಸನ್ ಅಡೇರ್ (1896–1979) ಈ ಅಳತೆಯನ್ನು ಮೊದಲಿನಿಂದ ಪರೀಕ್ಷೆಗೆ ಒಳಪಡಿಸಿದರು. 1925ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ನಡಾವಳಿಗಳಲ್ಲಿ ಪ್ರಕಟವಾದ ಅವರ ಲೇಖನಗಳು ಲವಣವಿರುವ ಮತ್ತು ಲವಣವಿಲ್ಲದ ದ್ರಾವಣಗಳೆರಡನ್ನೂ ಪರಿಶೀಲಿಸಿದವು. ಅವರಿಗೆ ದೊರೆತ ಮೋಲಾರ್ ರಾಶಿ ಸುಮಾರು 67,000. ಇದು ಕನಿಷ್ಠ ಬೆಲೆಯ ನಾಲ್ಕರಷ್ಟು. ಹೀಗಾಗಿ ಹಿಮೋಗ್ಲೋಬಿನ್ನಿನ ಒಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿದ್ದು, ಅದು ನಾಲ್ಕು ಆಮ್ಲಜನಕದ ಅಣುಗಳನ್ನು ಹಿಡಿಯಬಲ್ಲುದೆಂದು ಸ್ಪಷ್ಟವಾಯಿತು. ಆಮ್ಲಜನಕವು ನಾಲ್ಕು ಹಂತಗಳಲ್ಲಿ ಕೂಡಿಕೊಳ್ಳುವುದನ್ನು ವಿವರಿಸುವ, ಈಗ ಅಡೇರ್ ಸಮೀಕರಣವೆಂದೇ ಹೆಸರಾದ ಸಮೀಕರಣವನ್ನು ಅವರು ಅದೇ ವರ್ಷ ಮಂಡಿಸಿದರು.

ಮರುವರ್ಷವೇ, 1926ರಲ್ಲಿ, ಸ್ವೀಡನ್ನಿನ ಥಿಯೋಡೋರ್ ಸ್ವೆಡ್‌ಬರ್ಗ್ ಮತ್ತು ಫಾರಿಯಸ್ ಅತಿವೇಗದ ಅಪಕೇಂದ್ರಕವನ್ನು ಬಳಸಿ, ಪೊರೆಯ ನೆರವಿಲ್ಲದೆ, ಹೆಚ್ಚುಕಡಿಮೆ ಅದೇ ಬೆಲೆಯನ್ನು ಪಡೆದರು. 1937ರಲ್ಲಿ ಅಡೇರ್ ಕೊಟ್ಟ ಕುದುರೆಯ ಹಿಮೋಗ್ಲೋಬಿನ್ನಿನ ಹರಳುಗಳಿಂದ ಮ್ಯಾಕ್ಸ್ ಪೆರುಟ್ಸ್ ತಮ್ಮ ಎಕ್ಸ್-ಕಿರಣ ಅಧ್ಯಯನವನ್ನು ಆರಂಭಿಸಿದರು. ನಾಲ್ಕು ಸರಪಳಿಗಳೂ ನಾಲ್ಕು ಕಬ್ಬಿಣಗಳೂ ಇರುವ ರಚನೆಯು ಮುಂದೆ ಆ ಅಧ್ಯಯನದಿಂದ ಕಣ್ಣಿಗೆ ಕಾಣುವಂತಾಯಿತು. ಮಾನವ ಹಿಮೋಗ್ಲೋಬಿನ್ನಿನ ಮೋಲಾರ್ ರಾಶಿ ಸುಮಾರು 64,500 ಎಂದು ಈಗ ತಿಳಿದಿದೆ.

## ಉಪಕರಣ ಮತ್ತು ಮಾಪನದ ಕ್ರಮ

ಅಡೇರ್ ಬಳಸಿದ ಬಗೆಯ ಉಪಕರಣವು ಸರಳವಾದುದು. ಕೊಲೋಡಿಯನ್ ಎಂಬುದು ಈಥರ್ ಮತ್ತು ಆಲ್ಕೋಹಾಲಿನ ಮಿಶ್ರಣದಲ್ಲಿ ಕರಗಿಸಿದ ಸೆಲ್ಯುಲೋಸ್ ನೈಟ್ರೇಟ್. ಇದನ್ನು ಗಾಜಿನ ನಳಿಗೆಯ ಮೇಲೆ ತೆಳುವಾಗಿ ಬಳಿದು ಅರೆಬರೆ ಒಣಗಲು ಬಿಟ್ಟು ನೀರಿನಲ್ಲಿ ಅದ್ದಿದರೆ ಚಿಕ್ಕ ಚೀಲದಂತಹ ಪೊರೆ ಬಿಡಿಸಿಕೊಂಡು ಬರುತ್ತದೆ. ಹೆಚ್ಚು ಒಣಗಿಸಿದರೆ ರಂಧ್ರಗಳು ಕಿರಿದಾಗಿ ಸಮತೋಲಕ್ಕೆ ಬಹಳ ಕಾಲ ಹಿಡಿಯುತ್ತದೆ. ಕಡಿಮೆ ಒಣಗಿಸಿದರೆ ರಂಧ್ರಗಳು ಹಿರಿದಾಗಿ ಪ್ರೋಟೀನು ಸೋರುತ್ತದೆ.

ಚೀಲದಲ್ಲಿ ಪ್ರೋಟೀನಿನ ದ್ರಾವಣವನ್ನು ತುಂಬಿ, ಅದರ ಬಾಯಿಗೆ ಕಿರಿದಾದ ಗಾಜಿನ ನಳಿಕೆಯನ್ನು ಬಿಗಿದು, ಬಫರ್ ದ್ರಾವಣವಿರುವ ಪಾತ್ರೆಯಲ್ಲಿ ಇಳಿಬಿಡುತ್ತಾರೆ. ಬಫರ್ ಎಂದರೆ ಆಮ್ಲೀಯತೆಯನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವ ಲವಣಗಳ ದ್ರಾವಣ. ಹೊರಗಿನ ದ್ರವದ ಪ್ರಮಾಣ ಒಳಗಿನದಕ್ಕಿಂತ ಬಹಳ ಹೆಚ್ಚಿರಬೇಕು. ಅದನ್ನು ಹಲವು ಬಾರಿ ಬದಲಾಯಿಸಿದರೆ ಚೀಲದೊಳಗಿನ ಲವಣಗಳು ಹೊರಗಿನವುಗಳೊಡನೆ ಸಮತೋಲಕ್ಕೆ ಬರುತ್ತವೆ.

ಇಡೀ ಉಪಕರಣವನ್ನು 0 ಡಿಗ್ರಿಯ ಸಮೀಪದ ಸ್ಥಿರ ಉಷ್ಣತೆಯಲ್ಲಿ ಇಡಲಾಗುತ್ತದೆ. ಇದಕ್ಕೆ ಎರಡು ಕಾರಣಗಳಿವೆ. ಸಮತೋಲಕ್ಕೆ ದಿನಗಟ್ಟಲೆ ಕಾಲ ಬೇಕು. ಆ ಅವಧಿಯಲ್ಲಿ ಬೆಚ್ಚಗಿನ ದ್ರಾವಣದಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು ಪ್ರೋಟೀನನ್ನು ಒಡೆಯುತ್ತವೆ. ಅಲ್ಲದೆ ಉಷ್ಣತೆ ಏರಿಳಿದರೆ ಚೀಲದ ದ್ರವವೇ ಹಿಗ್ಗಿ ಕುಗ್ಗಿ, ನಳಿಕೆಯು ಒಂದು ಉಷ್ಣತಾಮಾಪಕದಂತೆ ವರ್ತಿಸತೊಡಗುತ್ತದೆ.

ದ್ರವದ ಮಟ್ಟವು ನಿಂತಿದೆ ಎಂದಮಾತ್ರಕ್ಕೆ ಸಮತೋಲ ಬಂದಿದೆ ಎನ್ನಲಾಗದು. ಚಲನೆ ಬಹಳ ನಿಧಾನವಾಗಿರಬಹುದು. ಇದನ್ನು ಪರೀಕ್ಷಿಸಲು ಒಂದು ಮಾಪನವನ್ನು ನಿರೀಕ್ಷಿತ ಎತ್ತರಕ್ಕಿಂತ ಕೆಳಗಿನಿಂದಲೂ ಇನ್ನೊಂದನ್ನು ಮೇಲಿನಿಂದಲೂ ಆರಂಭಿಸುತ್ತಾರೆ. ಒಂದು ಏರುತ್ತ, ಇನ್ನೊಂದು ಇಳಿಯುತ್ತ ಒಂದೇ ಎತ್ತರಕ್ಕೆ ಬಂದರೆ ಆ ಎತ್ತರವನ್ನು ನಂಬಬಹುದು.

ಕೊನೆಯಲ್ಲಿ ಚೀಲದೊಳಗಿನ ದ್ರಾವಣದ ಸಾರತೆಯನ್ನು ಅಳೆಯಬೇಕು. ಮೊದಲು ತುಂಬಿದಾಗಿನ ಸಾರತೆಯನ್ನು ಬಳಸುವುದು ತಪ್ಪು, ಏಕೆಂದರೆ ಈ ನಡುವೆ ನೀರು ಒಳಗೆ ಬಂದಿರುತ್ತದೆ ಅಥವಾ ಹೊರಗೆ ಹೋಗಿರುತ್ತದೆ. ದ್ರಾವಣವನ್ನು ಒಣಗಿಸಿ ತೂಗಿ ಲವಣದ ತೂಕವನ್ನು ಕಳೆಯುವುದರಿಂದಲೋ, ಸಾರಜನಕದ ಅಥವಾ ಕಬ್ಬಿಣದ ವಿಶ್ಲೇಷಣೆಯಿಂದಲೋ ಸಾರತೆ ತಿಳಿಯುತ್ತದೆ.

## ಒಂದು ಲೆಕ್ಕ

ಕ್ರಮವನ್ನು ತೋರಿಸುವ ಸಲುವಾಗಿ ರಚಿಸಿದ ಉದಾಹರಣೆಯೊಂದನ್ನು ಇಲ್ಲಿ ಕೊಟ್ಟಿದೆ. ಇವು ಯಾವುದೇ ಪ್ರಯೋಗದ ದಾಖಲೆಗಳಲ್ಲ. 0 ಡಿಗ್ರಿಯಲ್ಲಿ, ಅಂದರೆ 273.15 ಕೆಲ್ವಿನ್‌ನಲ್ಲಿ, ಹಿಮೋಗ್ಲೋಬಿನ್ನಿನ ನಾಲ್ಕು ದ್ರಾವಣಗಳ ಒತ್ತಡವನ್ನು ನೀರಿನ ಸ್ತಂಭದ ಎತ್ತರವಾಗಿ ಅಳೆಯಲಾಗಿದೆ ಎಂದಿಟ್ಟುಕೊಳ್ಳೋಣ.

| ಸಾರತೆ c (ಗ್ರಾಂ/ಲೀಟರ್) | ಎತ್ತರ h (ಮಿ.ಮೀ.) | h/c |
|---|---|---|
| 10 | 37.3 | 3.73 |
| 20 | 77.6 | 3.88 |
| 30 | 120.6 | 4.02 |
| 40 | 166.4 | 4.16 |

ವಾಂಟ್ ಹಾಫ್ ನಿಯಮ ಪೂರ್ಣವಾಗಿ ಅನ್ವಯಿಸುವುದಾದರೆ ಮೂರನೆಯ ಸಾಲಿನ ಎಲ್ಲ ಸಂಖ್ಯೆಗಳೂ ಒಂದೇ ಆಗಿರಬೇಕಾಗಿತ್ತು. ಅವು ಕ್ರಮವಾಗಿ ಏರುತ್ತಿವೆ. ಪ್ರೋಟೀನಿನ ಅಣುಗಳು ದೊಡ್ಡವು. ಒಂದು ಅಣು ಇರುವ ಜಾಗದಲ್ಲಿ ಇನ್ನೊಂದು ಇರಲಾರದು. ಸಾರತೆ ಹೆಚ್ಚಿದಂತೆ ಪ್ರತಿಯೊಂದು ಅಣುವಿಗೂ ಸುಳಿದಾಡಲು ಸಿಗುವ ಜಾಗ ಕಡಿಮೆಯಾಗಿ, ಒತ್ತಡವು ನಿಯಮ ಹೇಳುವುದಕ್ಕಿಂತ ಹೆಚ್ಚಾಗುತ್ತದೆ. ಅಣುಗಳು ಒಂದನ್ನೊಂದು ವಿಕರ್ಷಿಸಿದರೆ ಏರಿಕೆ ಇನ್ನಷ್ಟು ಕಡಿದಾಗುತ್ತದೆ. ಆದ್ದರಿಂದ ನಿಯಮವನ್ನು ಹೀಗೆ ತಿದ್ದಿ ಬರೆಯಲಾಗುತ್ತದೆ:

π/c = RT/M + Bc

ಇಲ್ಲಿ B ಎಂಬುದು ಅಣುಗಳ ಪರಸ್ಪರ ಪ್ರಭಾವವನ್ನು ತೋರಿಸುವ ಸ್ಥಿರಾಂಕ. ಸಾರತೆಯನ್ನು ಅಡ್ಡಗೆರೆಯ ಮೇಲೂ h/c ಯನ್ನು ನಿಲುಗೆರೆಯ ಮೇಲೂ ಗುರುತಿಸಿದರೆ ಬಿಂದುಗಳು ಒಂದು ಸರಳರೇಖೆಯ ಮೇಲೆ ಬೀಳುತ್ತವೆ. ಆ ರೇಖೆಯನ್ನು ಹಿಂದಕ್ಕೆ ಚಾಚಿದರೆ ಸಾರತೆ ಸೊನ್ನೆಯಾದಲ್ಲಿ ಅದು ನಿಲುಗೆರೆಯನ್ನು 3.59ರಲ್ಲಿ ಕೂಡುತ್ತದೆ. ಅಣುಗಳು ಒಂದಕ್ಕೊಂದು ಅಡ್ಡಿಯಾಗದಷ್ಟು ದೂರವಿದ್ದಾಗ ಸಿಗಬೇಕಾದ ಬೆಲೆ ಇದೇ.

ಒಂದು ಮಿಲಿಮೀಟರ್ ನೀರಿನ ಸ್ತಂಭದ ಒತ್ತಡ 9.81 ಪಾಸ್ಕಲ್. ಆದ್ದರಿಂದ 3.59 ಎಂಬುದು 35.2 ಪಾಸ್ಕಲ್‌ಗೆ ಸಮ. R ನ ಬೆಲೆ 8.314 ಆದ್ದರಿಂದ RT = 8.314 × 273.15 = 2271. ಇದನ್ನು 35.2ರಿಂದ ಭಾಗಿಸಿದರೆ 64.5 ಬರುತ್ತದೆ. ಗ್ರಾಂ/ಲೀಟರ್ ಎಂಬುದು ಕಿಲೋಗ್ರಾಂ/ಘನಮೀಟರ್‌ಗೆ ಸಮವಾದ್ದರಿಂದ ಉತ್ತರವು ಮೋಲ್‌ಗೆ 64.5 ಕಿಲೋಗ್ರಾಂ, ಅಂದರೆ 64,500 ಗ್ರಾಂ.

ಒಂದೇ ದ್ರಾವಣವನ್ನು ಅಳೆದು ನಿಲ್ಲಿಸಿದ್ದರೆ ಏನಾಗುತ್ತಿತ್ತೆಂಬುದನ್ನು ಇದೇ ಕೋಷ್ಟಕದಿಂದ ತಿಳಿಯಬಹುದು. ಲೀಟರಿಗೆ 10 ಗ್ರಾಂ ದ್ರಾವಣವೊಂದರಿಂದಲೇ ಲೆಕ್ಕ ಮಾಡಿದರೆ ಸುಮಾರು 62,000 ಬರುತ್ತದೆ. 40 ಗ್ರಾಂ ದ್ರಾವಣದಿಂದ ಮಾಡಿದರೆ 55,700ರಷ್ಟು ಮಾತ್ರ ಬರುತ್ತದೆ. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಒಂದೇ ಸಾರತೆಯನ್ನು ಕೊಟ್ಟು ನಿಯಮವನ್ನು ನೇರವಾಗಿ ಅನ್ವಯಿಸುವುದು ಅಭ್ಯಾಸಕ್ಕಾಗಿ. ಪ್ರಯೋಗಶಾಲೆಯಲ್ಲಿ ಹಲವು ಸಾರತೆಗಳ ಅಳತೆ ಅನಿವಾರ್ಯ. ಅಂತಹ ಲೆಕ್ಕಗಳಲ್ಲಿ ಒತ್ತಡವನ್ನು ಬಾರ್‌ನಲ್ಲೂ ಪರಿಮಾಣವನ್ನು ಲೀಟರಿನಲ್ಲೂ ಕೊಟ್ಟಿದ್ದರೆ R ನ ಬೆಲೆಯನ್ನು 0.083 ಎಂದು ತೆಗೆದುಕೊಳ್ಳಬೇಕು. 8.314 ಬೆಲೆಯು ಪಾಸ್ಕಲ್ ಮತ್ತು ಘನಮೀಟರ್‌ಗಳಿಗೆ ಸೇರಿದ್ದು. ಇವೆರಡನ್ನೂ ಬೆರೆಸಿದರೆ ಉತ್ತರ ನೂರು ಪಟ್ಟು ತಪ್ಪಾಗುತ್ತದೆ.

## ದೋಷಗಳು ಮತ್ತು ಅವುಗಳ ಪತ್ತೆ

### ವಿದ್ಯುದಂಶದ ಪ್ರಭಾವ

ಈ ವಿಧಾನದಲ್ಲಿ ಎಲ್ಲಕ್ಕಿಂತ ದೊಡ್ಡ ದೋಷ ಬರುವುದು ಪ್ರೋಟೀನಿನ ವಿದ್ಯುದಂಶದಿಂದ. ಪ್ರೋಟೀನಿನ ಅಣುವಿಗೆ, ದ್ರಾವಣದ ಆಮ್ಲೀಯತೆಗೆ ತಕ್ಕಂತೆ, ಧನ ಅಥವಾ ಋಣ ವಿದ್ಯುದಂಶ ಇರುತ್ತದೆ. ಅದನ್ನು ಸರಿತೂಗಿಸಲು ವಿರುದ್ಧ ವಿದ್ಯುದಂಶದ ಚಿಕ್ಕ ಅಯಾನುಗಳು ಅದರ ಬಳಿಯೇ ಉಳಿಯಬೇಕಾಗುತ್ತದೆ. ಪೊರೆಯ ರಂಧ್ರಗಳನ್ನು ದಾಟುವಷ್ಟು ಚಿಕ್ಕವಾಗಿದ್ದರೂ ಅವು ಪ್ರೋಟೀನನ್ನು ಬಿಟ್ಟು ಹೋಗಲಾರವು. ಒತ್ತಡವು ಅಣುಗಳನ್ನು ಎಣಿಸುವಾಗ ಈ ಅಯಾನುಗಳೂ ಎಣಿಕೆಗೆ ಸೇರುತ್ತವೆ. ಈ ಸಮತೋಲದ ಸಿದ್ಧಾಂತವನ್ನು ಫ್ರೆಡೆರಿಕ್ ಡಾನನ್ 1911ರಲ್ಲಿ ಮಂಡಿಸಿದ್ದರಿಂದ ಇದಕ್ಕೆ ಡಾನನ್ ಪರಿಣಾಮ ಎಂದು ಹೆಸರು.

ಇದರ ಪ್ರಮಾಣ ಎಷ್ಟಿರಬಹುದೆಂದು ಲೀಟರಿಗೆ 10 ಗ್ರಾಂ ಹಿಮೋಗ್ಲೋಬಿನ್ ದ್ರಾವಣದಿಂದಲೇ ನೋಡಬಹುದು. ಪ್ರತಿ ಅಣುವಿನ ಮೇಲೆ 10 ಮಾನ ವಿದ್ಯುದಂಶವಿದ್ದು, ಹೊರಗಿನ ದ್ರವದಲ್ಲಿ ಅಡುಗೆ ಉಪ್ಪಿನಂತಹ ಲವಣವು ಲೀಟರಿಗೆ 0.001 ಮೋಲ್‌ನಷ್ಟು ಮಾತ್ರ ಇದ್ದರೆ, ಅಯಾನುಗಳಿಂದ ಬರುವ ಹೆಚ್ಚುವರಿ ಒತ್ತಡವು ಪ್ರೋಟೀನಿನ ಸ್ವಂತ ಒತ್ತಡದ ಮೂರೂವರೆ ಪಟ್ಟಿನಷ್ಟಾಗುತ್ತದೆ. ಆಗ ಲೆಕ್ಕದಿಂದ ಬರುವ ಮೋಲಾರ್ ರಾಶಿ 64,500ರ ಬದಲು 15,000ದ ಆಸುಪಾಸಿನಲ್ಲಿರುತ್ತದೆ. ಕಬ್ಬಿಣದ ಕನಿಷ್ಠ ಬೆಲೆಗೆ ಅದು ಹತ್ತಿರವಾಗಿ ಕಾಣುವುದರಿಂದ ಇಂತಹ ದೋಷವು ತನ್ನನ್ನು ತಾನೇ ಮರೆಮಾಚಿಕೊಳ್ಳಬಲ್ಲದು.

ಪರಿಹಾರ ಎರಡು ಬಗೆಯದು. ಒಂದು, ಪ್ರೋಟೀನಿನ ಒಟ್ಟು ವಿದ್ಯುದಂಶ ಸೊನ್ನೆಯಾಗುವ ಆಮ್ಲೀಯತೆಯ ಸಮೀಪದಲ್ಲಿ ಅಳೆಯುವುದು. ಹಿಮೋಗ್ಲೋಬಿನ್ನಿಗೆ ಇದು ತಟಸ್ಥ ಬಿಂದುವಾದ pH 7ರ ಬಳಿಯಲ್ಲಿದೆ. ಇನ್ನೊಂದು, ಹೊರಗೂ ಒಳಗೂ ಸಾಕಷ್ಟು ಲವಣವನ್ನು ಸೇರಿಸುವುದು. ಮೇಲಿನ ಉದಾಹರಣೆಯಲ್ಲೇ ಲವಣವನ್ನು ಲೀಟರಿಗೆ 0.1 ಮೋಲ್‌ಗೆ ಏರಿಸಿದರೆ ಹೆಚ್ಚುವರಿ ಒತ್ತಡವು ಶೇಕಡಾ 4ಕ್ಕೆ ಇಳಿಯುತ್ತದೆ. ಸಾರತೆ ಕಡಿಮೆಯಾದಂತೆ ಈ ಪಾಲೂ ಕುಗ್ಗುವುದರಿಂದ, ರೇಖೆಯನ್ನು ಸೊನ್ನೆಗೆ ಚಾಚಿದಾಗ ಉಳಿದದ್ದೂ ಇಲ್ಲವಾಗುತ್ತದೆ. ದೋಷ ಇದೆಯೇ ಎಂದು ತಿಳಿಯಲು ಲವಣದ ಪ್ರಮಾಣವನ್ನು ಬದಲಿಸಿ ಮತ್ತೆ ಅಳೆಯಬೇಕು. ಮೋಲಾರ್ ರಾಶಿ ಬದಲಾದರೆ ಅದು ಪ್ರೋಟೀನಿನ ಗುಣವಲ್ಲ, ಅಯಾನುಗಳ ಎಣಿಕೆ.

### ಸೋರಿಕೆ ಮತ್ತು ಚೂರುಗಳು

ಪೊರೆಯಲ್ಲಿ ಹಿರಿದಾದ ರಂಧ್ರಗಳಿದ್ದರೆ ಪ್ರೋಟೀನು ಹೊರಗೆ ಸೋರುತ್ತದೆ. ಆಗ ದ್ರವದ ಎತ್ತರವು ಒಂದು ಮಟ್ಟವನ್ನು ಮುಟ್ಟಿ ನಿಲ್ಲದೆ, ದಿನದಿಂದ ದಿನಕ್ಕೆ ಇಳಿಯುತ್ತ ಹೋಗುತ್ತದೆ. ಹಿಮೋಗ್ಲೋಬಿನ್ ಕೆಂಪಾಗಿರುವುದರಿಂದ ಹೊರಗಿನ ದ್ರವಕ್ಕೆ ಬಣ್ಣ ಬಂದರೆ ಸೋರಿಕೆ ಕೂಡಲೇ ತಿಳಿಯುತ್ತದೆ. ಬಣ್ಣವಿಲ್ಲದ ಪ್ರೋಟೀನಾದರೆ ಹೊರಗಿನ ದ್ರವವನ್ನು ರಾಸಾಯನಿಕವಾಗಿ ಪರೀಕ್ಷಿಸಬೇಕು.

ಪ್ರೋಟೀನು ಒಡೆದು ಚೂರುಗಳಾಗಿ, ಅವು ಪೊರೆಯೊಳಗೇ ಉಳಿದರೆ ದೋಷವು ವಿರುದ್ಧ ದಿಕ್ಕಿನಲ್ಲಿ ಬರುತ್ತದೆ. ಕಡಲೆಕಾಯಿಯ ಚೀಲದಲ್ಲಿ ಸ್ವಲ್ಪವೇ ತೂಕದ ಚಿಕ್ಕ ಬೀಜಗಳು ಬೆರೆತರೂ ಎಣಿಕೆ ಬಹಳ ಏರಿ ಸರಾಸರಿ ಇಳಿಯುವಂತೆ, ಚಿಕ್ಕ ಅಣುಗಳು ಇಲ್ಲಿ ತಮ್ಮ ತೂಕಕ್ಕೆ ಮೀರಿದ ಪ್ರಭಾವ ಬೀರುತ್ತವೆ. ತೂಕದಲ್ಲಿ ಶೇಕಡಾ 1ರಷ್ಟು ಮಾತ್ರ 6,000 ರಾಶಿಯ ಚೂರುಗಳಿದ್ದರೂ 64,500ರ ಬದಲು ಸುಮಾರು 58,800 ಎಂಬ ಉತ್ತರ ಬರುತ್ತದೆ. ಈ ವಿಧಾನವು ಕೊಡುವುದು ಸಂಖ್ಯಾ ಸರಾಸರಿಯೇ ಹೊರತು ಶುದ್ಧತೆಯ ಪ್ರಮಾಣಪತ್ರವಲ್ಲ.

### ನಳಿಕೆಯಲ್ಲಿ ತಾನಾಗಿ ಏರುವ ದ್ರವ

ಕಿರಿದಾದ ಗಾಜಿನ ನಳಿಕೆಯಲ್ಲಿ ಅಭಿಸರಣೆ ಇಲ್ಲದಿದ್ದರೂ ನೀರು ತಾನಾಗಿ ಏರುತ್ತದೆ. ಒಂದು ಮಿಲಿಮೀಟರ್ ಒಳವ್ಯಾಸದ ನಳಿಕೆಯಲ್ಲಿ ಈ ಏರಿಕೆ ಸುಮಾರು 30 ಮಿಲಿಮೀಟರ್. ತೆಳು ದ್ರಾವಣದ ಅಭಿಸರಣ ಎತ್ತರವೇ 37 ಮಿಲಿಮೀಟರ್ ಇರುವಾಗ ಇದನ್ನು ಕಳೆಯದೆ ಬಿಟ್ಟರೆ ಉತ್ತರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಪ್ರೋಟೀನು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದ, ಶುದ್ಧ ನೀರಿನ ಏರಿಕೆಯನ್ನು ಕಳೆಯುವುದೂ ಸರಿಯಲ್ಲ. ಅದೇ ನಳಿಕೆಯನ್ನು ಅದೇ ಪ್ರೋಟೀನಿನ ದ್ರಾವಣದಲ್ಲಿ ಅದ್ದಿ, ಅಲ್ಲಿ ಏರುವ ಎತ್ತರವನ್ನು ಕಳೆಯಬೇಕು.

## ಮಿತಿಗಳು ಮತ್ತು ಇಂದಿನ ಸ್ಥಾನ

ಈ ವಿಧಾನಕ್ಕೆ ಎರಡೂ ತುದಿಗಳಲ್ಲಿ ಮಿತಿಯಿದೆ. ಅಣು ತೀರ ಚಿಕ್ಕದಾದರೆ ಅದನ್ನು ತಡೆದು ಲವಣವನ್ನು ಬಿಡುವ ಪೊರೆ ಸಿಗುವುದು ಕಷ್ಟ. ಅಣು ತೀರ ದೊಡ್ಡದಾದರೆ ಒತ್ತಡವೇ ಅಳತೆಗೆ ಸಿಗದಷ್ಟು ಕಡಿಮೆಯಾಗುತ್ತದೆ. ಮೋಲಾರ್ ರಾಶಿ ಹತ್ತು ಲಕ್ಷವಿರುವ ಪ್ರೋಟೀನಿನ ಲೀಟರಿಗೆ 10 ಗ್ರಾಂ ದ್ರಾವಣವು 0 ಡಿಗ್ರಿಯಲ್ಲಿ ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರವನ್ನಷ್ಟೇ ಕೊಡುತ್ತದೆ.

ಈಗ ಮೋಲಾರ್ ರಾಶಿಯನ್ನು ಸಾಮಾನ್ಯವಾಗಿ ರಾಶಿ ರೋಹಿತಮಾಪಕದಿಂದ, ಇದಕ್ಕಿಂತ ಬಹಳ ಹೆಚ್ಚಿನ ನಿಖರತೆಯಲ್ಲಿ ಅಳೆಯುತ್ತಾರೆ. ಆದರೆ ಆ ಉಪಕರಣದಲ್ಲಿ ಸಾಮಾನ್ಯ ಕ್ರಮದಲ್ಲಿ ಹಿಮೋಗ್ಲೋಬಿನ್ನನ್ನು ಅಳೆದಾಗ ಅದರ ಸರಪಳಿಗಳು ಬಿಡಿಬಿಡಿಯಾಗಿ, 15,126 ಮತ್ತು 15,867 ಎಂಬ ಎರಡು ಬೆಲೆಗಳು ಕಾಣುತ್ತವೆ. ಇವು ಆಲ್ಫಾ ಮತ್ತು ಬೀಟಾ ಸರಪಳಿಗಳ ರಾಶಿಗಳು. ಈ ಸರಪಳಿಗಳು ಎರಡೆರಡಾಗಿ, ಕಬ್ಬಿಣವಿರುವ ನಾಲ್ಕು ಹೀಮ್ ಭಾಗಗಳೊಡನೆ ಕೂಡಿದಾಗ ಒಟ್ಟು ಸುಮಾರು 64,500 ಆಗುತ್ತದೆ. ದ್ರಾವಣದಲ್ಲಿ ಅವು ನಿಜವಾಗಿ ಕೂಡಿಯೇ ಇರುತ್ತವೆಯೇ ಎಂಬ ಪ್ರಶ್ನೆಗೆ ಅಭಿಸರಣ ಒತ್ತಡವು ನೇರವಾಗಿ ಉತ್ತರ ಕೊಡುತ್ತದೆ. ಒಂದು ಅಣು ಎರಡು ಹೋಳಾದರೆ ತೂಕ ಬದಲಾಗದೆ ಎಣಿಕೆ ಇಮ್ಮಡಿಯಾಗುತ್ತದೆ, ಒತ್ತಡವೂ ಇಮ್ಮಡಿಯಾಗುತ್ತದೆ. 1930ರಲ್ಲಿ ಬರ್ಕ್ ಮತ್ತು ಗ್ರೀನ್‌ಬರ್ಗ್ ಯೂರಿಯಾದ ಸಾಂದ್ರ ದ್ರಾವಣದಲ್ಲಿ ಹಿಮೋಗ್ಲೋಬಿನ್ನಿನ ಒತ್ತಡವನ್ನು ಅಳೆದಾಗ ಮೋಲಾರ್ ರಾಶಿ ಸುಮಾರು 34,000 ಎಂದು ಬಂದಿತು. ಯೂರಿಯಾ ಅಣುವನ್ನು ಎರಡು ಸಮಭಾಗಗಳಾಗಿ ಬಿಡಿಸಿತ್ತು.

ಇದೇ ತತ್ತ್ವದ ಅಳತೆ ವೈದ್ಯಕೀಯದಲ್ಲಿಯೂ ಉಳಿದುಕೊಂಡಿದೆ. ರಕ್ತದ ಪ್ಲಾಸ್ಮಾದಲ್ಲಿರುವ ಪ್ರೋಟೀನುಗಳ ಅಭಿಸರಣ ಒತ್ತಡವು ಆರೋಗ್ಯವಂತರಲ್ಲಿ ಸುಮಾರು 25 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಅಲ್ಲಿ ಪೊರೆಯ ಒಂದು ಬದಿಗೆ ವಿದ್ಯುತ್ ಒತ್ತಡಮಾಪಕವನ್ನು ಜೋಡಿಸುವುದರಿಂದ ನೀರು ಹೆಚ್ಚಾಗಿ ಹರಿಯಬೇಕಾಗಿಲ್ಲ. ದಿನಗಟ್ಟಲೆ ಹಿಡಿಯುತ್ತಿದ್ದ ಸಮತೋಲವು ನಿಮಿಷಗಳಲ್ಲಿ ಬರುತ್ತದೆ.